ಒಂದೇ ಫೌಂಡ್ರಿ, ಎರಡು ಲಾಭ: ಕಾಸ್ಟ್ ಲೆಕ್ಕ ಮತ್ತು ಹಣಕಾಸು ಲೆಕ್ಕವನ್ನು ಹೊಂದಿಸುವ ಬಗೆ

"ಏನ್ರೀ ಸರ, ನಿಮ್ಮ ಹಾಳ್ಯಾಗ ಹದಿನೈದು ಲಕ್ಷ ಲಾಭ ಐತಿ, ಸಿಎ ಅವರ ಹಾಳ್ಯಾಗ ಏಳೂವರಿ ಐತಿ. ನಡುವಿನ ರೊಕ್ಕ ಯಾರ ಕಿಸೆಕ್ಕ ಹೋತು?"

ಬೆಳಗಾವಿಯ ಉದ್ಯಮಬಾಗದಲ್ಲಿ ಪಂಪ್ ಕಂಪನಿಗಳಿಗೆ ಬೀಡಿನ ಎರಕ ಮಾಡಿಕೊಡುವ ಫೌಂಡ್ರಿಯ ಮಾಲೀಕರೊಬ್ಬರು ಎರಡೂ ಹಾಳೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಕೇಳಿದ ಪ್ರಶ್ನೆ ಇದು. ರೊಕ್ಕ ಯಾರ ಕಿಸೆಗೂ ಹೋಗಿರಲಿಲ್ಲ. ಎರಡು ಹಾಳೆಗಳೂ ಸರಿಯಾಗಿಯೇ ಇದ್ದವು. ಆದರೆ "ಎರಡೂ ಸರಿ" ಎಂದು ಹೇಳಿದರೆ ಸಾಲದು, ಒಂದು ಅಂಕಿಯಿಂದ ಇನ್ನೊಂದು ಅಂಕಿಗೆ ರೂಪಾಯಿ ತಪ್ಪದೆ ನಡೆದು ತೋರಿಸಬೇಕು. ಆ ನಡಿಗೆಗೆ ಲಾಭದ ಹೊಂದಾಣಿಕೆ ಪಟ್ಟಿ ಎನ್ನುತ್ತಾರೆ. ಆ ಫೌಂಡ್ರಿಯ ಲೆಕ್ಕವನ್ನೇ ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಅಂಕಿಗಳನ್ನು ಓದಲು ಸುಲಭವಾಗಲೆಂದು ಬದಲಿಸಿ ದುಂಡಾಗಿಸಿದ್ದೇನೆ.

## ಎರಡು ಲೆಕ್ಕಗಳು ಕೇಳುವ ಪ್ರಶ್ನೆಯೇ ಬೇರೆ

ಹಣಕಾಸು ಲೆಕ್ಕ ಇಡೀ ವ್ಯವಹಾರದ ಕಥೆ ಹೇಳುತ್ತದೆ. ವರ್ಷದಲ್ಲಿ ಏನು ಬಂತು, ಏನು ಹೋಯಿತು, ಬ್ಯಾಂಕಿನ ಬಡ್ಡಿ ಎಷ್ಟು, ಹಳೆ ಯಂತ್ರ ಮಾರಿ ಎಷ್ಟು ಕಳೆದುಕೊಂಡೆವು, ಎಲ್ಲವೂ ಅದರಲ್ಲಿ ಬರಬೇಕು. ಬ್ಯಾಂಕ್, ಆದಾಯ ತೆರಿಗೆ ಇಲಾಖೆ, ಪಾಲುದಾರರು ನೋಡುವುದು ಅದನ್ನೇ.

ಕಾಸ್ಟ್ ಲೆಕ್ಕದ ಕಣ್ಣು ಒಂದೇ ವಸ್ತುವಿನ ಮೇಲೆ ನೆಟ್ಟಿರುತ್ತದೆ. ಒಂದು ಪಂಪ್ ಬಾಡಿ ಎರಕ ಹೊಯ್ದು, ಮರಳು ಬಿಡಿಸಿ, ಅಂಚು ಉಜ್ಜಿ ಸಾಗಿಸುವಷ್ಟರಲ್ಲಿ ಎಷ್ಟು ಬಿತ್ತು? ಈ ಪ್ರಶ್ನೆಗೆ ಮಾರ್ಚ್ 31ರವರೆಗೆ ಕಾಯಲಾಗದು, ಖರೀದಿದಾರ ಜೂನ್‌ನಲ್ಲೇ ಕೊಟೇಶನ್ ಕೇಳುತ್ತಾನೆ. ಹಾಗಾಗಿ ಕಾಸ್ಟ್ ಲೆಕ್ಕದಲ್ಲಿ ಕೆಲವು ಖರ್ಚುಗಳನ್ನು ಅಂದಾಜು ದರದಲ್ಲಿ ಹಾಕಿಕೊಂಡು ಮುಂದೆ ಸಾಗುತ್ತಾರೆ. ಬ್ಯಾಂಕ್ ಬಡ್ಡಿಯನ್ನು ಅದು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸಾಲ ತಂದು ಫೌಂಡ್ರಿ ನಡೆಸಿದರೂ ಸ್ವಂತ ದುಡ್ಡಿನಲ್ಲಿ ನಡೆಸಿದರೂ ಎರಕದ ತಯಾರಿಕಾ ವೆಚ್ಚ ಒಂದೇ ಅಲ್ಲವೇ?

ಆದ್ದರಿಂದ ವ್ಯತ್ಯಾಸ ಹುಟ್ಟುವುದು ಎರಡೇ ಕಾರಣಗಳಿಂದ. ಒಂದು, ಕೆಲವು ಬಾಬ್ತುಗಳು ಒಂದು ಪುಸ್ತಕದಲ್ಲಿ ಮಾತ್ರ ಇರುತ್ತವೆ. ಎರಡು, ಕೆಲವು ಬಾಬ್ತುಗಳು ಎರಡರಲ್ಲೂ ಇದ್ದು, ಬೆಲೆ ಕಟ್ಟಿದ ರೀತಿ ಬೇರೆ ಇರುತ್ತದೆ. ಮೊದಲನೆಯದು ಸುಲಭ. ತಲೆ ಕೆಡಿಸುವುದು ಎರಡನೆಯದು, ಅದರಲ್ಲೂ ಓವರ್‌ಹೆಡ್, ಅಂದರೆ ಯಾವ ಒಂದು ಎರಕಕ್ಕೂ ನೇರವಾಗಿ ಕಟ್ಟಲಾಗದ ಖರ್ಚು, ಮತ್ತು ದಾಸ್ತಾನು. ಈ ಬರಹದ ಹೆಚ್ಚಿನ ಭಾಗ ಅವೆರಡಕ್ಕೇ ಮೀಸಲು.

ಕೆಲವು ಕಂಪನಿಗಳು ಎರಡೂ ಲೆಕ್ಕಗಳನ್ನು ಒಂದೇ ಖಾತೆ ಪುಸ್ತಕದಲ್ಲಿ ಸೇರಿಸಿ ಇಡುತ್ತವೆ. ಅಲ್ಲಿ ಲಾಭ ಒಂದೇ ಬರುತ್ತದೆ, ಹೊಂದಾಣಿಕೆಯ ಮಾತೇ ಇಲ್ಲ. ಎರಡು ಬೇರೆ ಪುಸ್ತಕಗಳಿದ್ದಲ್ಲಿ ಮಾತ್ರ ಈ ಕೆಲಸ. ಸಣ್ಣ ಘಟಕಗಳಲ್ಲಿ ಹಣಕಾಸು ಲೆಕ್ಕ ಟ್ಯಾಲಿಯಲ್ಲೂ ಕಾಸ್ಟ್ ಶೀಟ್ ಎಕ್ಸೆಲ್‌ನಲ್ಲೂ ಇರುವುದರಿಂದ ಇದು ತಪ್ಪಿದ್ದಲ್ಲ.

ನಮ್ಮ ಫೌಂಡ್ರಿಯಂಥ ಸಣ್ಣ ಘಟಕಕ್ಕೆ ಇದು ಕಾನೂನಿನ ಒತ್ತಾಯವಲ್ಲ. 2013ರ ಕಂಪನಿ ಕಾಯ್ದೆಯ 148ನೇ ಕಲಮು ಮತ್ತು 2014ರ ಕಾಸ್ಟ್ ರೆಕಾರ್ಡ್ಸ್ ನಿಯಮಗಳಲ್ಲಿ ಹೆಸರಿಸಿದ ಉದ್ಯಮಗಳಲ್ಲಿ, ಹಿಂದಿನ ವರ್ಷದ ಒಟ್ಟು ವಹಿವಾಟು 35 ಕೋಟಿ ರೂಪಾಯಿ ಮುಟ್ಟಿದ ಕಂಪನಿಗಳು ಕಾಸ್ಟ್ ದಾಖಲೆ ಇಡಬೇಕು. ಕಾಸ್ಟ್ ಆಡಿಟ್‌ಗೆ ಬೇರೆ ಮಿತಿಗಳಿವೆ. ಆಡಿಟ್ ವರದಿಯ ಸಿಆರ್‌ಎ-3 ನಮೂನೆಯಲ್ಲಿ ಲಾಭದ ಹೊಂದಾಣಿಕೆಗೆಂದೇ ಒಂದು ಭಾಗ ಇದೆ.

## ಹೆಜ್ಜೆ 1: ಹೊಂದಿಸುವ ಮೊದಲು ಹೊಂದಿಕೆಯಾಗಲೇಬೇಕಾದವು

ಅವಸರದಲ್ಲಿ ನೇರವಾಗಿ ವ್ಯತ್ಯಾಸ ಹುಡುಕಲು ಕೂರಬೇಡಿ. ಎರಡೂ ಪುಸ್ತಕಗಳಲ್ಲಿ ಒಂದೇ ಆಗಿರಬೇಕಾದ ಮೂರು ಸಂಗತಿಗಳಿವೆ.

ಮೊದಲನೆಯದು ಅವಧಿ. ಎರಡೂ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೇ ಇವೆಯೇ? ಎರಡನೆಯದು ಮಾರಾಟದ ಮೊತ್ತ. ಒಂದರಲ್ಲಿ ಜಿಎಸ್‌ಟಿ ಸೇರಿ, ಇನ್ನೊಂದರಲ್ಲಿ ಬಿಟ್ಟು ಇದ್ದರೆ ಅದು ತಪ್ಪು, ಹೊಂದಾಣಿಕೆಯ ಬಾಬ್ತಲ್ಲ. ಮೂರನೆಯದು ದಾಸ್ತಾನಿನ ಸಂಖ್ಯೆ. ಬೆಲೆ ಬೇರೆ ಇರಬಹುದು, ಆದರೆ ಗೋಡೌನಿನಲ್ಲಿರುವ ಎರಕಗಳ ಎಣಿಕೆ ಎರಡರಲ್ಲೂ ಒಂದೇ ಇರಬೇಕು. ಒಂದರಲ್ಲಿ 2,000, ಇನ್ನೊಂದರಲ್ಲಿ 1,940 ಇದ್ದರೆ ಪಟ್ಟಿ ಬದಿಗಿಟ್ಟು ಗೋಡೌನಿಗೆ ನಡೆಯಿರಿ. ಎಣಿಕೆಯ ತಪ್ಪನ್ನು "ದಾಸ್ತಾನು ಮೌಲ್ಯದ ವ್ಯತ್ಯಾಸ" ಎಂಬ ಸಾಲಿನೊಳಗೆ ಮುಚ್ಚಿಟ್ಟವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ನಮ್ಮ ಫೌಂಡ್ರಿಯ ಎಣಿಕೆ ಹೀಗಿದೆ: ವರ್ಷದ ಆರಂಭದಲ್ಲಿ 1,000 ಎರಕ ಇತ್ತು, 20,000 ತಯಾರಾಯಿತು, 19,000 ಮಾರಾಟವಾಯಿತು, ಕೊನೆಗೆ 2,000 ಉಳಿಯಿತು. ಒಂದರ ಮಾರಾಟ ಬೆಲೆ 750 ರೂಪಾಯಿ, ಹಾಗಾಗಿ ಮಾರಾಟ 1,42,50,000. ಎರಡೂ ಪುಸ್ತಕಗಳಲ್ಲಿ ಇದೇ ಇದೆ.

## ಹೆಜ್ಜೆ 2: ಎರಡು ಹಾಳೆಗಳನ್ನು ಒಂದೇ ಅನುಕ್ರಮದಲ್ಲಿ ಬರೆದುಕೊಳ್ಳಿ

ಸಿಎ ಕೊಡುವ ಲಾಭ-ನಷ್ಟ ಪತ್ರಿಕೆಯ ಸಾಲುಗಳಿಗೂ ಕಾಸ್ಟ್ ಶೀಟಿನ ಸಾಲುಗಳಿಗೂ ಹೆಸರು ಹೊಂದುವುದಿಲ್ಲ. ಅವನ್ನು ಒಂದೇ ಕೋಷ್ಟಕಕ್ಕೆ ತಂದರೆ ಅರ್ಧ ಕೆಲಸ ಮುಗಿದಂತೆ.

| ಬಾಬ್ತು | ಕಾಸ್ಟ್ ಲೆಕ್ಕ | ಹಣಕಾಸು ಲೆಕ್ಕ |
|---|---|---|
| ಮಾರಾಟ | 1,42,50,000 | 1,42,50,000 |
| ಆರಂಭದ ದಾಸ್ತಾನು | 6,00,000 | 5,85,000 |
| ಬಳಸಿದ ಕಚ್ಚಾ ಸಾಮಗ್ರಿ | 80,00,000 | 81,10,000 |
| ನೇರ ಕೂಲಿ | 20,00,000 | 20,00,000 |
| ಕಾರ್ಖಾನೆ ಓವರ್‌ಹೆಡ್ | 24,00,000 | 27,00,000 |
| ಕೊನೆಯ ದಾಸ್ತಾನು (ಕಳೆಯಬೇಕು) | 12,40,000 | 11,80,000 |
| ಕಚೇರಿ, ಮಾರಾಟ ಖರ್ಚು | 9,50,000 | 9,10,000 |
| ಬ್ಯಾಂಕ್ ಬಡ್ಡಿ | ಇಲ್ಲ | 3,60,000 |
| ಹಳೆ ಯಂತ್ರ ಮಾರಿದ ನಷ್ಟ | ಇಲ್ಲ | 90,000 |
| ದೇಣಿಗೆ | ಇಲ್ಲ | 35,000 |
| ಠೇವಣಿ ಬಡ್ಡಿ, ಶೆಡ್ ಬಾಡಿಗೆ ಆದಾಯ | ಇಲ್ಲ | 1,20,000 |
| ಲಾಭ | 15,40,000 | 7,60,000 |

ವ್ಯತ್ಯಾಸ 7,80,000. ಹಣಕಾಸು ಲಾಭ ಎಂದರೆ ಇಲ್ಲಿ ಆದಾಯ ತೆರಿಗೆಗೆ ಮುಂಚಿನ ಲಾಭ. ತೆರಿಗೆ ಕಳೆದ ಲಾಭಕ್ಕೆ ಹೊಂದಿಸುವುದಾದರೆ ತೆರಿಗೆಯ ಸಾಲೂ ಪಟ್ಟಿಗೆ ಬರಬೇಕು. ಯಾವ ಲಾಭಕ್ಕೆ ಹೊಂದಿಸುತ್ತಿದ್ದೀರಿ ಎಂಬುದನ್ನು ಹಾಳೆಯ ತಲೆಯಲ್ಲೇ ಬರೆದುಬಿಡಿ.

## ಹೆಜ್ಜೆ 3: ಕೂಡಿಸುವುದೋ ಕಳೆಯುವುದೋ? ಒಂದೇ ಪ್ರಶ್ನೆ

ಪಠ್ಯಪುಸ್ತಕಗಳು ಎಂಟು ಹತ್ತು ನಿಯಮಗಳ ಪಟ್ಟಿ ಕೊಡುತ್ತವೆ. ಬಿಕಾಂ ಪರೀಕ್ಷೆಗೆ ಬಾಯಿಪಾಠ ಮಾಡಿದವರು ಪರೀಕ್ಷೆ ಮುಗಿದ ಸಂಜೆಯೇ ಮರೆಯುತ್ತಾರೆ. ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ.

ಕಾಸ್ಟ್ ಲಾಭದಿಂದ ಹೊರಟಿದ್ದೇನೆ ಎಂದುಕೊಳ್ಳಿ. ಈ ಬಾಬ್ತಿನಿಂದಾಗಿ ಕಾಸ್ಟ್ ಲಾಭವು ಹಣಕಾಸು ಲಾಭಕ್ಕಿಂತ ಮೇಲೆ ನಿಂತಿದೆಯೇ, ಕೆಳಗೆ ನಿಂತಿದೆಯೇ? ಮೇಲೆ ನಿಂತಿದ್ದರೆ ಕಳೆಯಿರಿ, ಕೆಳಗೆ ನಿಂತಿದ್ದರೆ ಕೂಡಿಸಿ.

ಬ್ಯಾಂಕ್ ಬಡ್ಡಿಯನ್ನು ನೋಡಿ. ಕಾಸ್ಟ್ ಲೆಕ್ಕ ಅದನ್ನು ಹಾಕಿಲ್ಲ, ಆದ್ದರಿಂದ ಅದರ ಲಾಭ 3,60,000 ಮೇಲೆ ನಿಂತಿದೆ. ಕಳೆಯಿರಿ. ಠೇವಣಿ ಬಡ್ಡಿಯ ಆದಾಯವನ್ನು ಕಾಸ್ಟ್ ಲೆಕ್ಕ ಕಂಡೇ ಇಲ್ಲ, ಲಾಭ ಕೆಳಗಿದೆ. ಕೂಡಿಸಿ. ಹಣಕಾಸು ಲಾಭದಿಂದ ಹೊರಟು ಕಾಸ್ಟ್ ಲಾಭಕ್ಕೆ ಹೋಗುವುದಾದರೆ ಎಲ್ಲ ಚಿಹ್ನೆಗಳೂ ತಲೆಕೆಳಗು. ನಡುವೆ ದಿಕ್ಕು ಬದಲಿಸಬೇಡಿ.

ಯಂತ್ರ ಮಾರಿದ ನಷ್ಟ, ದೇಣಿಗೆ ಇವೆಲ್ಲ ಬಡ್ಡಿಯ ಹಾದಿಯವೇ, ಹೆಚ್ಚು ಹೇಳುವಂಥದ್ದೇನಿಲ್ಲ.

ಕಚ್ಚಾ ಸಾಮಗ್ರಿಯ 1,10,000 ವ್ಯತ್ಯಾಸಕ್ಕೆ ಮಾತ್ರ ಒಂದು ಮಾತು. ಒಂದು ರಾತ್ರಿ ಕರೆಂಟ್ ಹೋಗಿ ಇಂಡಕ್ಷನ್ ಫರ್ನೇಸಿನಲ್ಲಿ ಕರಗಿದ್ದ ಲೋಹ ಅಲ್ಲೇ ಹೆಪ್ಪುಗಟ್ಟಿತು. ಅದನ್ನು ಒಡೆದು ತೆಗೆದು ಮತ್ತೆ ಕರಗಿಸಲು ಬಂದ ಭಾಗದ ಬೆಲೆ ಬಿಟ್ಟು 1,10,000 ನಷ್ಟ ಉಳಿಯಿತು. ಎರಕದಲ್ಲಿ ಸಾಮಾನ್ಯವಾಗಿ ಹೋಗುವ ಲೋಹ, ಅಂದರೆ ರನ್ನರ್, ರೈಸರ್, ತಿರಸ್ಕೃತ ತುಂಡುಗಳ ನಷ್ಟ, ಎರಕದ ವೆಚ್ಚದ ಭಾಗವೇ. ಆದರೆ ಹೀಗೆ ಅಪರೂಪಕ್ಕೆ ಆಗುವ ನಷ್ಟವನ್ನು ಎರಕದ ತಲೆಗೆ ಕಟ್ಟಿದರೆ ಮುಂದಿನ ಕೊಟೇಶನ್ ಕೆಡುತ್ತದೆ. ಕಾಸ್ಟ್ ಲೆಕ್ಕ ಅದನ್ನು ಹೊರಗಿಟ್ಟಿತು, ಹಣಕಾಸು ಲೆಕ್ಕದಲ್ಲಿ ಬಳಕೆಯೊಳಗೇ ಸೇರಿಹೋಯಿತು. ಕಾಸ್ಟ್ ಲಾಭ ಅಷ್ಟು ಮೇಲೆ ಇದೆ, ಹಾಗಾಗಿ ಕಳೆಯಬೇಕು.

## ಹೆಜ್ಜೆ 4: ಓವರ್‌ಹೆಡ್, ಮತ್ತು ಕಾಲು ಜಾರುವ ಜಾಗ

ಕಾರ್ಖಾನೆ ಓವರ್‌ಹೆಡ್ ಅಂದರೆ ಸೂಪರ್‌ವೈಸರ್ ಸಂಬಳ, ರಿಪೇರಿ, ಸವಕಳಿ, ಶೆಡ್ಡಿನ ವಿಮೆ ಇಂಥವು. ಲೆಕ್ಕ ಸರಳವಾಗಲೆಂದು ಇವೆಲ್ಲ ತಯಾರಿಕೆ ಹೆಚ್ಚು ಕಡಿಮೆಯಾದರೂ ಬದಲಾಗದ ಸ್ಥಿರ ಖರ್ಚು ಎಂದು ಇಟ್ಟುಕೊಳ್ಳೋಣ. ವರ್ಷದ ಆರಂಭದಲ್ಲಿ ಮಾಡಿದ ಅಂದಾಜು 28,80,000, ಸಾಮಾನ್ಯ ಸಾಮರ್ಥ್ಯ 24,000 ಎರಕ. ಭಾಗಿಸಿದರೆ ಒಂದಕ್ಕೆ 120 ರೂಪಾಯಿ. ಆಮೇಲೆ ಹೊಯ್ದ ಪ್ರತಿ ಎರಕದ ಮೇಲೂ ಈ 120 ಹಾಕುತ್ತಾ ಹೋದರು. 20,000 ಎರಕಕ್ಕೆ 24,00,000 ಆಯಿತು. ಕಾಸ್ಟ್ ಶೀಟಿನಲ್ಲಿ ಕಾಣುವುದು ಇದು, ನಿಜವಾಗಿ ಕೊಟ್ಟ ದುಡ್ಡಲ್ಲ.

ಇನ್ನು ಮುಖ್ಯವಾದ ಸಂಗತಿ. ಆ 28,80,000ದ ಅಂದಾಜಿನಲ್ಲಿ 1,80,000 ರೂಪಾಯಿ ಕಾಲ್ಪನಿಕ ಬಾಡಿಗೆ ಸೇರಿತ್ತು. ಫೌಂಡ್ರಿ ನಡೆಯುವ ಶೆಡ್ ಮಾಲೀಕರ ಸ್ವಂತದ್ದು, ಅದಕ್ಕೆ ಅವರು ಯಾರಿಗೂ ಬಾಡಿಗೆ ಕಟ್ಟುವುದಿಲ್ಲ. ಆದರೆ ಬಾಡಿಗೆ ಶೆಡ್ಡಿನಲ್ಲಿರುವ ಪಕ್ಕದ ಫೌಂಡ್ರಿಯ ಜೊತೆ ಬೆಲೆ ಹೋಲಿಸಬೇಕಾದರೆ ಅದನ್ನು ಲೆಕ್ಕಕ್ಕೆ ಹಿಡಿಯುವುದು ಉಪಯುಕ್ತ. ಮಾಲೀಕರು ತಮಗೆ ತಾವೇ ಹಾಕಿಕೊಳ್ಳುವ ಕಾಲ್ಪನಿಕ ಸಂಬಳವೂ ಇದೇ ಜಾತಿಯದ್ದು. ಹಣಕಾಸು ಲೆಕ್ಕ ಇದನ್ನು ಒಪ್ಪುವುದಿಲ್ಲ, ದುಡ್ಡು ಹೊರಗೆ ಹೋಗಿಲ್ಲ. ಕಾನೂನಿನ ಪ್ರಕಾರ ಸಲ್ಲಿಸುವ ಕಾಸ್ಟ್ ಲೆಕ್ಕದಲ್ಲಿ ಕಾಸ್ಟ್ ಅಕೌಂಟಿಂಗ್ ಮಾನದಂಡಗಳೂ ಇಂಥ ಕಾಲ್ಪನಿಕ ವೆಚ್ಚವನ್ನು ಸೇರಿಸಬಾರದು ಎನ್ನುತ್ತವೆ. ನಮ್ಮದು ಮಾಲೀಕರ ಸ್ವಂತ ಬಳಕೆಯ ಕಾಸ್ಟ್ ಶೀಟ್, ಹಾಗಾಗಿ ಇಲ್ಲಿ ಅದು ನಡೆಯುತ್ತದೆ.

ಈಗ ವರ್ಷದ ನಿಜ ಖರ್ಚು. ಹಣಕಾಸು ಪುಸ್ತಕದಲ್ಲಿ 27,00,000. ಕಾಸ್ಟ್ ಪುಸ್ತಕದಲ್ಲಿ ಇದಕ್ಕೆ ಕಾಲ್ಪನಿಕ ಬಾಡಿಗೆ 1,80,000 ಸೇರಿ 28,80,000. ಅಂದರೆ ಅಂದಾಜಿಗಿಂತ ಒಂದು ರೂಪಾಯಿಯೂ ಹೆಚ್ಚು ಖರ್ಚಾಗಿಲ್ಲ. ಆದರೆ ಎರಕಗಳ ಮೇಲೆ ಹಂಚಿದ್ದು 24,00,000 ಮಾತ್ರ. 24,000 ಹೊಯ್ಯಬೇಕಾದಲ್ಲಿ 4,000 ಕಡಿಮೆ ಹೊಯ್ದರು, ತಲಾ 120ರಂತೆ 4,80,000 ಯಾವ ಎರಕದ ಮೇಲೂ ಕೂರದೆ ಗಾಳಿಯಲ್ಲಿ ಉಳಿಯಿತು. ಕಾಲೇಜಿನಲ್ಲಿ ಇದನ್ನೇ ಅಂಡರ್ ಅಬ್ಸಾರ್ಪ್ಶನ್ ಎನ್ನುತ್ತಾರೆ, ನಾನು ಹಂಚಿಕೆಯ ಕೊರತೆ ಎನ್ನುತ್ತೇನೆ.

ಹೊಂದಾಣಿಕೆ ಪಟ್ಟಿಯಲ್ಲಿ ಇದನ್ನು ಬರೆಯಲು ಎರಡು ದಾರಿಗಳಿವೆ.

ಮೊದಲ ದಾರಿ: ಕಾಸ್ಟ್ ಹಾಳೆಯ 24,00,000ವನ್ನು ಹಣಕಾಸು ಹಾಳೆಯ 27,00,000ದ ಜೊತೆ ನೇರವಾಗಿ ಹೋಲಿಸಿ 3,00,000 ಕಳೆಯುವುದು. ಅಷ್ಟೇ, ಬಾಡಿಗೆಯ ಮಾತೇ ಬೇಡ.

ಎರಡನೇ ದಾರಿ: ಕಾಸ್ಟ್ ಪುಸ್ತಕದ ಸ್ವಂತ ಕೊರತೆ 4,80,000 ಕಳೆದು, ಕಾಲ್ಪನಿಕ ಬಾಡಿಗೆ 1,80,000 ಕೂಡಿಸುವುದು. ನಿವ್ವಳ ಅದೇ 3,00,000.

ಕಾಲು ಜಾರುವುದು ಎರಡೂ ದಾರಿಗಳನ್ನು ಬೆರೆಸಿದಾಗ. 3,00,000 ಕಳೆದು, "ಕಾಲ್ಪನಿಕ ಬಾಡಿಗೆಯನ್ನು ಯಾವಾಗಲೂ ಕೂಡಿಸಬೇಕು" ಎಂಬ ಪಠ್ಯಪುಸ್ತಕದ ಸಾಲು ನೆನಪಾಗಿ 1,80,000ವನ್ನೂ ಕೂಡಿಸಿದರೆ ಉತ್ತರ 9,40,000 ಬರುತ್ತದೆ. ಉಳಿಯುವ ತಪ್ಪು ಸರಿಯಾಗಿ 1,80,000. ಬಾಡಿಗೆ ಎರಡು ಸಲ ಬಂದಿತು ಎಂಬುದಕ್ಕೆ ಇದೇ ಗುರುತು. ಸವಕಳಿಯಲ್ಲೂ ಇದೇ ಮೋಸ ಇದೆ. ಎರಡು ಪುಸ್ತಕಗಳಲ್ಲಿ ಸವಕಳಿಯ ದರ ಬೇರೆ ಇದ್ದು, ಅದು ಓವರ್‌ಹೆಡ್ಡಿನೊಳಗೇ ಸೇರಿದ್ದರೆ, ಮೊದಲ ದಾರಿಯಲ್ಲಿ ಹೋಗುವವರು ಅದಕ್ಕೆ ಪ್ರತ್ಯೇಕ ಸಾಲು ಹಾಕಬಾರದು.

ನನಗೆ ಎರಡನೇ ದಾರಿಯೇ ಇಷ್ಟ. ಸಾಲು ಒಂದು ಹೆಚ್ಚಾಗುತ್ತದೆ ನಿಜ, ಆದರೆ 4,80,000 ಎಂಬ ಅಂಕಿ ಮಾಲೀಕರಿಗೆ ಒಂದು ಸುದ್ದಿ ಹೇಳುತ್ತದೆ. ಆರನೇ ಒಂದು ಭಾಗ ಸಾಮರ್ಥ್ಯ ಸುಮ್ಮನೆ ಮಲಗಿದ್ದರ ಬೆಲೆ ಅದು. ಮೊದಲ ದಾರಿಯ 3,00,000 ಅಂಥ ಯಾವ ಸುದ್ದಿಯನ್ನೂ ಹೇಳುವುದಿಲ್ಲ.

ಕಚೇರಿ ಮತ್ತು ಮಾರಾಟದ ಖರ್ಚು ಸರಳ. ಮಾರಿದ ಪ್ರತಿ ಎರಕಕ್ಕೆ 50ರಂತೆ 9,50,000 ಹಾಕಿದ್ದರು, ನಿಜ ಖರ್ಚು 9,10,000. ಕಾಸ್ಟ್ ಲೆಕ್ಕ 40,000 ಹೆಚ್ಚು ಹಾಕಿಕೊಂಡು ಲಾಭ ಕೆಳಗಿಳಿಸಿದೆ. ಕೂಡಿಸಿ.

ಓವರ್‌ಹೆಡ್ ಬಿಡುವ ಮುನ್ನ ಒಂದು ಪರೀಕ್ಷೆ. ಕೆಲವರು ವರ್ಷದ ಕೊನೆಗೆ ಹಂಚಿಕೆಯ ಕೊರತೆಯನ್ನು ಕಾಸ್ಟ್ ಪುಸ್ತಕದ ಲಾಭ-ನಷ್ಟ ಖಾತೆಗೇ ವರ್ಗಾಯಿಸಿ ಮುಗಿಸಿರುತ್ತಾರೆ. ಆಗ ನೀವು ಹೊರಡುವ ಕಾಸ್ಟ್ ಲಾಭವೇ ಬೇರೆ. ನಮ್ಮ ಉದಾಹರಣೆಯಲ್ಲಿ 15,40,000ದಿಂದ 4,80,000 ಕಳೆದು 40,000 ಕೂಡಿಸಿ 11,00,000 ಆಗಿರುತ್ತಿತ್ತು. ಆ ಎರಡು ಸಾಲುಗಳು ಪಟ್ಟಿಗೆ ಮತ್ತೆ ಬರಬಾರದು, ಕಾಲ್ಪನಿಕ ಬಾಡಿಗೆಯ ಸಾಲು ಮಾತ್ರ ಬರಬೇಕು. ಪರೀಕ್ಷೆಯ ಪ್ರಶ್ನೆಗಳಲ್ಲಿ ಈ ಒಂದು ವಾಕ್ಯ ಮೂಲೆಯಲ್ಲಿ ಅವಿತು ಕೂತಿರುತ್ತದೆ. ನಿಜ ಜೀವನದಲ್ಲಿ ಅದೂ ಇರುವುದಿಲ್ಲ, ಖಾತೆ ತೆರೆದು ನೋಡಬೇಕು.

## ಹೆಜ್ಜೆ 5: ದಾಸ್ತಾನು ಯಾಕೆ ಎರಡು ಬೆಲೆ ಹೊತ್ತಿದೆ

ಕೊನೆಯ 2,000 ಎರಕಕ್ಕೆ ಕಾಸ್ಟ್ ಲೆಕ್ಕ ಕಟ್ಟಿದ ಬೆಲೆ ತಲಾ 620: ಸಾಮಗ್ರಿ 400, ಕೂಲಿ 100, ಓವರ್‌ಹೆಡ್ 120. ಒಟ್ಟು 12,40,000.

ಹಣಕಾಸು ಲೆಕ್ಕ ಲೆಕ್ಕಪತ್ರ ಮಾನದಂಡ 2ನ್ನು, ಅಂದರೆ ಎಎಸ್-2 ಅನ್ನು ಅನುಸರಿಸಬೇಕು. ಅದರ ಪ್ರಕಾರ ದಾಸ್ತಾನಿಗೆ ವೆಚ್ಚ ಅಥವಾ ಮಾರುವ ಖರ್ಚು ಕಳೆದು ಕೈಗೆ ಬರುವ ನಿವ್ವಳ ಮಾರಾಟ ಮೌಲ್ಯ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ವೆಚ್ಚ ಕಟ್ಟುವಾಗ ಸ್ಥಿರ ಓವರ್‌ಹೆಡ್ಡನ್ನು ಸಾಮಾನ್ಯ ಸಾಮರ್ಥ್ಯದ ಮೇಲೆ ಹಂಚಬೇಕು.

ಕಾಲ್ಪನಿಕ ಬಾಡಿಗೆ ಇಲ್ಲದ ಓವರ್‌ಹೆಡ್ 27,00,000ವನ್ನು 24,000ದಿಂದ ಭಾಗಿಸಿದರೆ 112.50. ಹಾಗಾಗಿ ಒಂದರ ವೆಚ್ಚ 612.50, ಎರಡು ಸಾವಿರಕ್ಕೆ 12,25,000. ಕಾಸ್ಟ್ ಲೆಕ್ಕಕ್ಕಿಂತ 15,000 ಕಡಿಮೆ. ಬಾಡಿಗೆಯ ಏಳೂವರೆ ರೂಪಾಯಿ ಎರಕದೊಳಗೆ ಸೇರಿ ಗೋಡೌನಿನಲ್ಲಿ ಕೂತಿರುವ ಪರಿ ಇದು.

ಆಮೇಲೆ ಇನ್ನೊಂದು. ಆ 2,000ದಲ್ಲಿ 400 ಎರಕ ರದ್ದಾದ ಆರ್ಡರಿನ ಹಳೆ ಪ್ಯಾಟರ್ನಿನವು. ಕೊಳ್ಳುವವನೊಬ್ಬ 520ಕ್ಕೆ ಒಪ್ಪಿದ್ದಾನೆ, ಸಾಗಣೆಗೆ 20 ನಮ್ಮದೇ. ಕೈಗೆ ಬರುವುದು 500. ವೆಚ್ಚ 612.50ಕ್ಕಿಂತ ಅದು 112.50 ಕಡಿಮೆ, ಹಾಗಾಗಿ 400 ಎರಕಕ್ಕೆ 45,000 ಇಳಿಸಲೇಬೇಕು. ಹೀಗೆ ಹಣಕಾಸು ಲೆಕ್ಕದ ದಾಸ್ತಾನು 11,80,000ಕ್ಕೆ ಬಂದು ನಿಂತಿತು. ಮಾರುಕಟ್ಟೆ ಬೆಲೆ ಬಿದ್ದರೂ ತಯಾರಿಸಲು ಬಿದ್ದ ಖರ್ಚು ಬದಲಾಗದು ಎಂದು ಕಾಸ್ಟ್ ಲೆಕ್ಕ ಅದನ್ನು ಮುಟ್ಟಲಿಲ್ಲ.

ಕೊನೆಯ ದಾಸ್ತಾನು ಹೆಚ್ಚಿದ್ದರೆ ಲಾಭ ಹೆಚ್ಚು. ಕಾಸ್ಟ್ ಲಾಭ 60,000 ಮೇಲೆ ನಿಂತಿದೆ, ಕಳೆಯಿರಿ. ಆರಂಭದ ದಾಸ್ತಾನಿನಲ್ಲಿ ಇದು ತಿರುಗುಮುರುಗು. ಅದು ಖರ್ಚಿನ ಕಡೆ ಕೂರುತ್ತದೆ. ಕಾಸ್ಟ್ ಲೆಕ್ಕ 15,000 ಹೆಚ್ಚು ಬೆಲೆ ಹಾಕಿದ್ದರಿಂದ ಅದರ ಲಾಭ ಕೆಳಗಿದೆ, ಕೂಡಿಸಿ.

ಇಲ್ಲಿ ಹಣಕಾಸು ಕಡೆಯವರು ಮಾಡುವ ತಪ್ಪೊಂದನ್ನು ಹೇಳಲೇಬೇಕು. ಓವರ್‌ಹೆಡ್ಡನ್ನು ಸಾಮಾನ್ಯ ಸಾಮರ್ಥ್ಯದ ಬದಲು ನಿಜವಾಗಿ ಹೊಯ್ದ 20,000ದಿಂದ ಭಾಗಿಸಿದರೆ ಒಂದಕ್ಕೆ 135 ಬಂದು ಎರಕದ ಬೆಲೆ 635 ಆಗುತ್ತದೆ. ತಯಾರಿಕೆ ಕಡಿಮೆಯಾದಷ್ಟೂ ದಾಸ್ತಾನಿನ ಬೆಲೆ ಏರುತ್ತದೆ! ಕೆಲಸವಿಲ್ಲದೆ ನಿಂತ ಫರ್ನೇಸಿನ ಖರ್ಚು ಗೋಡೌನಿಗೆ ಆಸ್ತಿಯಾಗಿ ಹೋಗಿಬಿಡುತ್ತದೆ. ಎಎಸ್-2 ಇದನ್ನು ತಡೆಯಲೆಂದೇ ಹಂಚಿಕೆಯಾಗದ ಓವರ್‌ಹೆಡ್ ಆ ವರ್ಷದ ಖರ್ಚಾಗಬೇಕು ಎನ್ನುತ್ತದೆ. ನಿಮ್ಮ ಪಟ್ಟಿಯಲ್ಲಿ ತಯಾರಿಕೆ ಕುಸಿದ ವರ್ಷ ಹಣಕಾಸು ದಾಸ್ತಾನು ಕಾಸ್ಟ್ ದಾಸ್ತಾನಿಗಿಂತ ಹೆಚ್ಚು ಬಂದರೆ, ಹೊಂದಿಸುವ ಮೊದಲು ಈ ಭಾಗಾಕಾರವನ್ನು ಕೇಳಿ ನೋಡಿ.

## ಹೆಜ್ಜೆ 6: ಪಟ್ಟಿ ಬರೆಯಿರಿ

| ವಿವರ | ರೂಪಾಯಿ | ರೂಪಾಯಿ |
|---|---|---|
| ಕಾಸ್ಟ್ ಲೆಕ್ಕದ ಲಾಭ | | 15,40,000 |
| ಕೂಡಿಸಿ: ಕಾಲ್ಪನಿಕ ಬಾಡಿಗೆ | 1,80,000 | |
| ಕಚೇರಿ, ಮಾರಾಟ ಖರ್ಚಿನ ಹೆಚ್ಚುವರಿ ಹಂಚಿಕೆ | 40,000 | |
| ಆರಂಭದ ದಾಸ್ತಾನಿಗೆ ಹೆಚ್ಚು ಹಾಕಿದ ಬೆಲೆ | 15,000 | |
| ಠೇವಣಿ ಬಡ್ಡಿ, ಶೆಡ್ ಬಾಡಿಗೆ ಆದಾಯ | 1,20,000 | 3,55,000 |
| | | 18,95,000 |
| ಕಳೆಯಿರಿ: ಕಾರ್ಖಾನೆ ಓವರ್‌ಹೆಡ್ ಹಂಚಿಕೆಯ ಕೊರತೆ | 4,80,000 | |
| ಕೊನೆಯ ದಾಸ್ತಾನಿಗೆ ಹೆಚ್ಚು ಹಾಕಿದ ಬೆಲೆ | 60,000 | |
| ಫರ್ನೇಸ್ ಅವಘಡದ ನಷ್ಟ | 1,10,000 | |
| ಬ್ಯಾಂಕ್ ಬಡ್ಡಿ | 3,60,000 | |
| ಯಂತ್ರ ಮಾರಿದ ನಷ್ಟ | 90,000 | |
| ದೇಣಿಗೆ | 35,000 | 11,35,000 |
| ಹಣಕಾಸು ಲೆಕ್ಕದ ಲಾಭ | | 7,60,000 |

ಇದನ್ನೇ ಖಾತೆಯ ರೂಪದಲ್ಲಿ, ಎಡ ಬಲ ಎರಡು ಬದಿ ಮಾಡಿಯೂ ಬರೆಯುತ್ತಾರೆ. ಅದಕ್ಕೆ ಮೆಮೊರಾಂಡಮ್ ರಿಕನ್ಸಿಲಿಯೇಶನ್ ಖಾತೆ ಎಂದು ಹೆಸರು. ಅದು ಪುಸ್ತಕದ ಜಮಾ-ಖರ್ಚಿನೊಳಗೆ ಸೇರುವುದಿಲ್ಲ, ನೆನಪಿನ ಹಾಳೆ ಅಷ್ಟೇ. ಮಾಲೀಕರ ಎದುರು ಇಡಲು ಮೇಲಿನ ಪಟ್ಟಿಯೇ ವಾಸಿ.

## ಹೆಜ್ಜೆ 7: ಹೊಂದದೇ ಹೋದರೆ

ಮೊದಲ ಸಲಕ್ಕೆ ಹೊಂದುವುದು ಅಪರೂಪ. ಉಳಿದ ಅಂಕಿಯನ್ನು ಬಯ್ಯುವ ಬದಲು ಓದಿ, ಅದೇ ಸುಳಿವು ಕೊಡುತ್ತದೆ.

ಉಳಿದದ್ದನ್ನು ಅರ್ಧ ಮಾಡಿ. ಆ ಅರ್ಧ ಪಟ್ಟಿಯ ಯಾವುದಾದರೂ ಬಾಬ್ತಿಗೆ ಸಮ ಇದ್ದರೆ ಅದರ ಚಿಹ್ನೆ ತಪ್ಪಿದೆ. ಕೊನೆಯ ದಾಸ್ತಾನಿನ 60,000ವನ್ನು ಕಳೆಯುವ ಬದಲು ಕೂಡಿಸಿದ್ದರೆ ಉತ್ತರ 8,80,000 ಬಂದು 1,20,000 ತಪ್ಪು ಉಳಿಯುತ್ತದೆ. ಆದರೆ ನಮ್ಮ ಪಟ್ಟಿಯಲ್ಲಿ 1,20,000 ಎಂಬ ಇನ್ನೊಂದು ಬಾಬ್ತೂ ಇದೆ, ಠೇವಣಿ ಬಡ್ಡಿ ಮತ್ತು ಶೆಡ್ ಬಾಡಿಗೆಯದು. ಉತ್ತರ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಎಂದು ನೋಡಿ ಬೇರ್ಪಡಿಸಬೇಕು: ಆದಾಯ ಬಿಟ್ಟುಹೋಗಿದ್ದರೆ ಉತ್ತರ 6,40,000 ಆಗುತ್ತಿತ್ತು, ಕಡಿಮೆ. ಹೆಚ್ಚಾಗಿ ಬಂದಿದೆಯೆಂದರೆ ಮೊದಲು ದಾಸ್ತಾನಿನ ಚಿಹ್ನೆಯನ್ನು ಹಿಡಿಯಿರಿ, ಆಮೇಲೆ ಆ ಆದಾಯ ಎರಡು ಸಲ ಬಂದಿದೆಯೇ ಎಂದು ನೋಡಿ.

ಉಳಿದದ್ದು ಒಂದು ಬಾಬ್ತಿಗೆ ನೇರವಾಗಿ ಸಮ ಇದ್ದರೆ ಅದು ಬಿಟ್ಟುಹೋಗಿದೆ ಅಥವಾ ಎರಡು ಸಲ ಬಂದಿದೆ. 9ರಿಂದ ಶೇಷವಿಲ್ಲದೆ ಭಾಗವಾದರೆ ಅಂಕಿಗಳು ಅದಲು ಬದಲಾಗಿರಬಹುದು, 3,60,000 ಬರೆಯುವಲ್ಲಿ 6,30,000 ಬರೆದಂತೆ. ಇದು ಬರೀ ಸುಳಿವು, ಸಾಕ್ಷಿಯಲ್ಲ. ನಮ್ಮ 1,80,000ವೂ 9ರಿಂದ ಭಾಗವಾಗುತ್ತದೆ.

ಮಾಡಬಾರದ್ದು ಒಂದೇ: "ಇತರೆ ವ್ಯತ್ಯಾಸ" ಎಂಬ ಸಾಲು ಹಾಕಿ ಉಳಿದದ್ದನ್ನು ಅದಕ್ಕೆ ತುಂಬುವುದು. ಸಣ್ಣ ಮೊತ್ತವಾದರೂ ಬೇಡ. ನಿವ್ವಳ 5,000 ಉಳಿದಿದೆ ಎಂದರೆ ಒಳಗೆ 1,05,000 ಮೇಲೆ, 1,00,000 ಕೆಳಗೆ ಎಂದು ಎರಡು ದೊಡ್ಡ ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡಿರಬಹುದು.

ಹಾಳೆ ಹೊಂದಿದ ಮೇಲೂ ಒಂದು ಪರೀಕ್ಷೆ ಉಳಿದಿರುತ್ತದೆ. ಈ ವರ್ಷದ ಆರಂಭದ ದಾಸ್ತಾನಿನ ವ್ಯತ್ಯಾಸ 15,000, ಹೋದ ವರ್ಷದ ಪಟ್ಟಿಯಲ್ಲಿ ಕೊನೆಯ ದಾಸ್ತಾನಿನ ವ್ಯತ್ಯಾಸವಾಗಿ, ವಿರುದ್ಧ ಚಿಹ್ನೆಯಲ್ಲಿ ಇರಲೇಬೇಕು. ಹೋದ ವರ್ಷದ ಹಾಳೆ ತೆಗೆಸಿ ನೋಡಿ. ಹಾಗೆಯೇ ಈ ವರ್ಷ ಕಳೆದ 60,000 ಮುಂದಿನ ವರ್ಷ ಕೂಡಿಸುವ ಬದಿಯಲ್ಲಿ ಬರುತ್ತದೆ. ಫೌಂಡ್ರಿಯ ಮಾಲೀಕರಿಗೆ ಇದನ್ನು ತೋರಿಸಿದಾಗ ಅವರು ಪೆನ್ಸಿಲಿನಿಂದ ಆ ಸಾಲಿಗೆ ಸುತ್ತು ಹಾಕಿ, ಪಕ್ಕದಲ್ಲಿ "ಮುಂದಿನ ಏಪ್ರಿಲ್‌ಗೆ" ಎಂದು ಬರೆದರು. ಆಮೇಲೆ ಮೇಲಿನ 4,80,000ಕ್ಕೂ ಒಂದು ಸುತ್ತು ಹಾಕಿ, "ಇದರ ಬಗ್ಗೆ ನಾಳಿ ಮಾತಾಡೋಣ್ರಿ" ಅಂದರು.